ಡಿಎಸ್‌ಓ 59ರಿಂದ 85ಕ್ಕೆ ಹಾರಿದಾಗ: ತಪ್ಪು ಎಲ್ಲಿದೆ ಅಂತ ಬಿಲ್ ಹಿಡಿದು ಹುಡುಕುವುದು ಹೇಗೆ

2025ರ ಏಪ್ರಿಲ್ ಮೊದಲ ವಾರ. ಪೀಣ್ಯದಲ್ಲಿ ಒಂದು ಸಣ್ಣ ಮಷಿನ್ ಶಾಪ್ ಇದೆ. ಪಂಪಿನ ಶಾಫ್ಟ್, ಗೇರ್‌ಬಾಕ್ಸ್‌ಗೆ ಹೋಗುವ ಬುಶ್, ಇಂಥವನ್ನು ಮಾಡಿಕೊಡುತ್ತಾರೆ. ವಾರಕ್ಕೆ ಎರಡು ದಿನ ನಾನು ಅಲ್ಲಿ ಲೆಕ್ಕ ನೋಡಲು ಹೋಗುತ್ತೇನೆ. ಅವತ್ತು ಒಳಗೆ ಕಾಲಿಡುತ್ತಿದ್ದ ಹಾಗೇ ಯಜಮಾನರು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು.

"ನೋಡಿ, ಡಿಸೆಂಬರ್‌ನಲ್ಲಿ 59 ಇತ್ತು. ಮಾರ್ಚ್‌ಗೆ 85 ಆಗಿದೆ. ಎಲ್ಲಾ ಪಾರ್ಟಿಗಳೂ ದುಡ್ಡು ಹಿಡಿದುಕೊಂಡಿದ್ದಾರೆ. ಮೂರು ಕಡೆಗೂ ಮಾಲು ನಿಲ್ಲಿಸ್ತೀನಿ ಅಂತ ಮೇಲ್ ಹಾಕೋಣ ಅಂತಿದ್ದೀನಿ."

ಮೇಲ್ ಆಗಲೇ ಬರೆದಿಟ್ಟಿದ್ದರು, ಕಳಿಸುವುದೊಂದೇ ಬಾಕಿ. ಒಂದು ದಿನ ತಡೆಯಿರಿ ಸರ್ ಅಂದೆ. ಆ ಒಂದು ದಿನದಲ್ಲಿ ಏನೇನು ನೋಡಿದೆವು, ಯಾವ ಕ್ರಮದಲ್ಲಿ ನೋಡಿದೆವು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಲೆಕ್ಕ ಸುಲಭವಾಗಲಿ ಅಂತ ಮೊತ್ತಗಳನ್ನು ಲಕ್ಷಕ್ಕೆ ದುಂಡಾಗಿಸಿದ್ದೇನೆ.

ಮೊದಲು, ಈ ಅಂಕಿ ಏನು

ಡಿಎಸ್‌ಓ ಅಂದರೆ ಡೇಸ್ ಸೇಲ್ಸ್ ಔಟ್‌ಸ್ಟ್ಯಾಂಡಿಂಗ್. ಸಾಲಕ್ಕೆ ಮಾರಿದ ಮಾಲಿನ ಎಷ್ಟು ದಿನದ ದುಡ್ಡು ಇನ್ನೂ ಹೊರಗೆ ನಿಂತಿದೆ ಅಂತ ಹೇಳುವ ಲೆಕ್ಕ. ಬರಬೇಕಾದ ಬಾಕಿಯನ್ನು ಆ ಅವಧಿಯ ಸಾಲದ ಮಾರಾಟದಿಂದ ಭಾಗಿಸಿ, ಅವಧಿಯ ದಿನಗಳಿಂದ ಗುಣಿಸಿದರೆ ಬರುತ್ತದೆ. ಎಕ್ಸೆಲ್‌ನಲ್ಲಿ ಬಾಕಿ B2ನಲ್ಲಿ, ಮಾರಾಟ B3ನಲ್ಲಿ, ದಿನಗಳು B4ನಲ್ಲಿ ಇದ್ದರೆ:

```
=B2/B3*B4
```

ಕೈಯಲ್ಲಿ ಕೂಡಲೇ ದುಡ್ಡು ಕೊಟ್ಟು ಒಯ್ದ ಮಾಲು ಈ ಮಾರಾಟದಲ್ಲಿ ಸೇರಬಾರದು. ಈ ಶಾಪ್‌ನಲ್ಲಿ ಅಂಥದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಅದನ್ನು ಬಿಟ್ಟೆವು.

ಸೂತ್ರ ಇಷ್ಟು ಚಿಕ್ಕದಾಗಿರುವುದರಿಂದಲೇ ತೊಂದರೆ. ಮೇಲಿರುವ ಬಾಕಿ ಜಾಸ್ತಿಯಾದರೂ ಅಂಕಿ ಏರುತ್ತದೆ, ಕೆಳಗಿನ ಮಾರಾಟ ಕಡಿಮೆಯಾದರೂ ಏರುತ್ತದೆ. ಎರಡೂ ಸರಿಯಿದ್ದು ಲೆಡ್ಜರ್ ಕೊಳಕಾಗಿದ್ದರೂ ಏರುತ್ತದೆ. ಏರಿದೆ ಅಂತಷ್ಟೇ ಅದು ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಹಾಗಾಗಿ ಪಾರ್ಟಿಯ ಮೇಲೆ ಅನುಮಾನ ಪಡುವ ಮೊದಲು ನಮ್ಮ ಲೆಕ್ಕದ ಮೇಲೆ ಅನುಮಾನ ಪಡಬೇಕು.

ಮೊದಲ ಅನುಮಾನ: ಮೇಲೆ ಜಿಎಸ್‌ಟಿ ಇದೆ, ಕೆಳಗೆ ಇಲ್ಲ

ಯಜಮಾನರ ಶೀಟಿನಲ್ಲಿ ಮಾರ್ಚ್ 31ರ ಬಾಕಿ 96 ಲಕ್ಷ. ಜನವರಿಯಿಂದ ಮಾರ್ಚ್‌ವರೆಗಿನ ಮಾರಾಟ 101.7 ಲಕ್ಷ. ದಿನ 90. ಭಾಗಿಸಿ ಗುಣಿಸಿದರೆ 85. ಲೆಕ್ಕ ಸರಿಯಾಗಿಯೇ ಇದೆ.

ಆದರೆ ಬಾಕಿ ಬಂದದ್ದು ಪಾರ್ಟಿಗಳ ಲೆಡ್ಜರ್‌ನಿಂದ. ಪಾರ್ಟಿ ನಮಗೆ ಕೊಡಬೇಕಾದದ್ದು ಜಿಎಸ್‌ಟಿ ಸೇರಿದ ಪೂರ್ತಿ ಬಿಲ್ ಮೊತ್ತ. ಮಾರಾಟ ಬಂದದ್ದು ಲಾಭ-ನಷ್ಟ ಖಾತೆಯಿಂದ, ಅಲ್ಲಿ ಜಿಎಸ್‌ಟಿ ಇರುವುದಿಲ್ಲ. ಇವರ ಮಾಲಿಗೆಲ್ಲ 18 ಪರ್ಸೆಂಟ್ ತೆರಿಗೆ. ಅಂದರೆ ಯಾವ ಪಾರ್ಟಿಯೂ ಒಂದು ದಿನ ತಡ ಮಾಡದಿದ್ದರೂ ಶೀಟು 18 ಪರ್ಸೆಂಟ್ ಜಾಸ್ತಿ ತೋರಿಸುತ್ತದೆ.

ಮಾರಾಟಕ್ಕೂ ತೆರಿಗೆ ಸೇರಿಸಿದರೆ 120 ಲಕ್ಷ. ಆಗ 96ನ್ನು 120ರಿಂದ ಭಾಗಿಸಿ 90ರಿಂದ ಗುಣಿಸಿದರೆ 72. ಡಿಸೆಂಬರ್ ತ್ರೈಮಾಸಿಕಕ್ಕೂ ಅದೇ ತಪ್ಪಾಗಿತ್ತು. ಅಲ್ಲಿ ಬಾಕಿ 62 ಲಕ್ಷ, ತೆರಿಗೆ ಸೇರಿದ ಮಾರಾಟ 114 ಲಕ್ಷ, ದಿನ 92. ಸರಿ ಮಾಡಿದರೆ 59 ಹೋಗಿ 50 ಆಯಿತು.

ಇಲ್ಲಿ ಒಂದು ಮಾತು. ಎರಡು ಸಲವೂ ಒಂದೇ ತಪ್ಪು ಮಾಡಿದ್ದರಿಂದ ಏರಿಕೆ ಸುಳ್ಳಾಗಲಿಲ್ಲ, ಉಬ್ಬಿತು ಅಷ್ಟೇ. 26 ದಿನದ ಏರಿಕೆ 22 ದಿನಕ್ಕೆ ಇಳಿಯಿತು. ಆದರೆ ದೊಡ್ಡ ಪಾರ್ಟಿ 45 ದಿನದಲ್ಲಿ ದುಡ್ಡು ಕೊಡಬೇಕು ಅನ್ನುವ ಕರಾರಿನ ಪಕ್ಕ ಇಟ್ಟು ನೋಡುವಾಗ 85 ಮತ್ತು 72ರ ನಡುವೆ ತುಂಬ ವ್ಯತ್ಯಾಸ. ಕೆಲವರು ಬಾಕಿಯಿಂದ ಜಿಎಸ್‌ಟಿ ತೆಗೆದು ಲೆಕ್ಕ ಹಾಕುತ್ತಾರೆ, ಅದೂ ಆಗುತ್ತದೆ. ನನಗೆ ಎರಡೂ ಕಡೆ ಸೇರಿಸುವುದೇ ಇಷ್ಟ. ಯಾಕೆಂದರೆ ಪಾರ್ಟಿ ಕೊಡಲಿ ಬಿಡಲಿ, ಆ ತೆರಿಗೆಯನ್ನು ಮುಂದಿನ ತಿಂಗಳು ಕಟ್ಟುವವರು ನಾವು. ಅದೂ ಸಿಕ್ಕಿಹಾಕಿಕೊಂಡ ನಮ್ಮ ದುಡ್ಡೇ.

ಎರಡನೇ ಅನುಮಾನ: 96 ಲಕ್ಷ ನಿಜವಾಗಿ ಬಾಕಿಯೇ?

ಟ್ಯಾಲಿಯಲ್ಲಿ `Outstandings` ತೆಗೆದು ಪಾರ್ಟಿವಾರು ಪಟ್ಟಿ ಮಾಡಿಸಿದೆ. ಜೊತೆಗೆ, ಯಾವುದಕ್ಕೆ ಬಂದದ್ದು ಅಂತ ಗೊತ್ತಾಗದ ದುಡ್ಡನ್ನು ಸದ್ಯಕ್ಕೆ ಹಾಕಿಡುವ ಸಸ್ಪೆನ್ಸ್ ಲೆಡ್ಜರ್ ಕೂಡ ತೆಗೆಸಿದೆ. ಇದನ್ನು ಬಹಳ ಜನ ಮರೆಯುತ್ತಾರೆ. ಸಸ್ಪೆನ್ಸ್‌ನಲ್ಲಿ ಮಾರ್ಚ್ 28ರಂದು ಬ್ಯಾಂಕಿಗೆ ಬಂದ 8 ಲಕ್ಷ ಸುಮ್ನೆ ಕೂತಿತ್ತು. ಯಾವ ಬಿಲ್ಲಿಗೆ ಅಂತ ಚೀಟಿ ಬಂದಿರಲಿಲ್ಲ, ಅಕೌಂಟ್ಸ್ ಹುಡುಗಿ ಆಮೇಲೆ ನೋಡೋಣ ಅಂತ ಅಲ್ಲಿ ಹಾಕಿದ್ದಳು. ಬ್ಯಾಂಕ್ ಸ್ಟೇಟ್‌ಮೆಂಟಿನ ವಿವರ ನೋಡಿದರೆ ಗೇರ್‌ಬಾಕ್ಸ್ ಕಂಪನಿಯದು. ಅವರು ಕೊಟ್ಟಾಗಿದೆ, ನಾವು ಮಾತ್ರ ಕೊಟ್ಟಿಲ್ಲ ಅಂತ ಬರೆದುಕೊಂಡಿದ್ದೇವೆ. ಮಾಲು ನಿಲ್ಲಿಸುವ ಮೇಲ್ ಅವರಿಗೂ ಹೋಗುವುದರಲ್ಲಿತ್ತು!

ಅದಕ್ಕೆ ವಿರುದ್ಧವಾದದ್ದೂ ಒಂದು ಸಿಕ್ಕಿತು. ಹೊಸ ಗಿರಾಕಿಯೊಬ್ಬರು 2 ಲಕ್ಷ ಅಡ್ವಾನ್ಸ್ ಕೊಟ್ಟಿದ್ದರು. ಅವರಿಗೆ ಇನ್ನೂ ಬಿಲ್ ಆಗಿರಲಿಲ್ಲ. ಅದು ಪಾರ್ಟಿಗಳ ಗುಂಪಿನಲ್ಲೇ ಕ್ರೆಡಿಟ್ ಬಾಕಿಯಾಗಿ ಕೂತು, ಬೇರೆಯವರು ಕೊಡಬೇಕಾದ 2 ಲಕ್ಷವನ್ನು ಮುಚ್ಚಿ ಹಾಕಿತ್ತು. ಒಬ್ಬರ ಅಡ್ವಾನ್ಸ್‌ನಿಂದ ಇನ್ನೊಬ್ಬರ ಬಾಕಿ ತೀರುವುದಿಲ್ಲವಲ್ಲ. ಹಾಗಾಗಿ ಅದನ್ನು ಹೊರಗೆ ತೆಗೆದೆವು. 96ರಲ್ಲಿ 8 ಕಳೆದು 2 ಕೂಡಿಸಿದರೆ 90 ಲಕ್ಷ.

`On Account` ಅಂತ ಹಾಕಿದ ರಸೀದಿಗಳ ವಿಷಯ ಬೇರೆ. ದುಡ್ಡು ಸರಿಯಾದ ಪಾರ್ಟಿಯ ಲೆಡ್ಜರ್‌ನಲ್ಲೇ ಇರುತ್ತದೆ, ಆದರೆ ಯಾವ ಬಿಲ್ಲಿಗೂ ಕಟ್ಟಿರುವುದಿಲ್ಲ. ಒಟ್ಟು ಬಾಕಿ ಸರಿಯಾಗಿರುತ್ತದೆ, ಡಿಎಸ್‌ಓ ಕೂಡ ಸರಿಯಾಗಿರುತ್ತದೆ. ಆದರೆ ತೀರಿಹೋದ ಹಳೆ ಬಿಲ್ಲುಗಳು ಇನ್ನೂ ಬಾಕಿ ಅಂತ ತೋರಿಸುತ್ತವೆ. ಮುಂದೆ ಬಿಲ್ಲುವಾರು ವಯಸ್ಸು ನೋಡುವಾಗ ಇದು ದಾರಿ ತಪ್ಪಿಸುತ್ತದೆ. ಅವನ್ನೆಲ್ಲ `Agst Ref` ಕೊಟ್ಟು ಆಯಾ ಬಿಲ್ಲಿಗೆ ಕಟ್ಟಿಸಿದ ಮೇಲೆಯೇ ಮುಂದೆ ಹೋದೆವು. ಊಟದ ಹೊತ್ತಾಯಿತು.

90 ಲಕ್ಷಕ್ಕೆ ಡಿಎಸ್‌ಓ 67.5. ಡಿಸೆಂಬರ್ ಲೆಡ್ಜರ್‌ನಲ್ಲೂ ಇಂಥದ್ದು ಇದೆಯಾ ಅಂತ ನೋಡಿದೆ, ಇರಲಿಲ್ಲ. ಅಲ್ಲಿಗೆ 50ರ ಎದುರು 67.5.

ಮೂರನೇ ಅನುಮಾನ: ಮಾರ್ಚ್ ತಿಂಗಳು

ಈಗ ತಿಂಗಳುವಾರು ಮಾರಾಟ ನೋಡಿ. ಅಕ್ಟೋಬರ್, ನವೆಂಬರ್, ಡಿಸೆಂಬರ್ ಮೂರೂ ತಿಂಗಳು 38 ಲಕ್ಷ, ಸಮ. ಜನವರಿ 30, ಫೆಬ್ರವರಿ 30, ಮಾರ್ಚ್ 60. ವರ್ಷದ ಕೊನೆ ಅಂತ ಎಲ್ಲರಿಗೂ ಮಾಲು ಬೇಕಾಗಿತ್ತು, ರಾತ್ರಿ ಪಾಳಿ ಹಾಕಿ ಕಳಿಸಿದ್ದರು.

ಮಾರ್ಚ್‌ನಲ್ಲಿ ಕಳಿಸಿದ ಮಾಲಿಗೆ ಮಾರ್ಚ್ 31ಕ್ಕೆ ದುಡ್ಡು ಬರಬೇಕು ಅನ್ನುವುದೇ ತಪ್ಪು. ಆದರೆ ಸಾದಾ ಸೂತ್ರ 120 ಲಕ್ಷವನ್ನು 90 ದಿನಕ್ಕೆ ಸಮವಾಗಿ ಹಂಚಿ, ದಿನಕ್ಕೆ 1.33 ಲಕ್ಷ ಅಂದುಕೊಂಡು ಲೆಕ್ಕ ಹಾಕುತ್ತದೆ. ನಿಜದಲ್ಲಿ ಮಾರ್ಚ್‌ನ ದಿನದ ಮಾರಾಟ ಹೆಚ್ಚುಕಡಿಮೆ 2 ಲಕ್ಷ. ಹೊಸ ಬಿಲ್ಲುಗಳ ದೊಡ್ಡ ರಾಶಿಯನ್ನು ಚಿಕ್ಕ ಅಳತೆಗೋಲಿನಿಂದ ಅಳೆದರೆ ದಿನಗಳು ಜಾಸ್ತಿ ಬರಲೇಬೇಕು. ಇದೇ ತಲೆಕೆಳಗಾಗಿಯೂ ಆಗುತ್ತದೆ. ತ್ರೈಮಾಸಿಕದ ಮೊದಲ ತಿಂಗಳು ಮಾರಾಟ ಜೋರಾಗಿದ್ದು ಕೊನೆಯ ತಿಂಗಳು ಬಿದ್ದರೆ, ಡಿಎಸ್‌ಓ ತಾನಾಗೇ ಚೆಂದ ಕಾಣುತ್ತದೆ.

ಇದಕ್ಕೆ ಮದ್ದು ಹಿಂದಕ್ಕೆ ಎಣಿಸುವ ಲೆಕ್ಕ. ಬಾಕಿಯಿಂದ ಕೊನೆಯ ತಿಂಗಳ ಮಾರಾಟ ಕಳೆಯಿರಿ, ಆ ತಿಂಗಳ ದಿನಗಳನ್ನು ಬರೆದುಕೊಳ್ಳಿ. ಉಳಿದದ್ದರಿಂದ ಅದರ ಹಿಂದಿನ ತಿಂಗಳದ್ದು ಕಳೆಯಿರಿ. ಪೂರ್ತಿ ತಿಂಗಳು ಕಳೆಯಲು ಆಗದಷ್ಟು ಉಳಿದಾಗ, ಆ ತಿಂಗಳ ಮಾರಾಟದಲ್ಲಿ ಅದು ಎಷ್ಟು ಪಾಲು ನೋಡಿ, ಅಷ್ಟು ಪಾಲು ದಿನ ಸೇರಿಸಿ.

ನಮ್ಮ 90 ಲಕ್ಷದಲ್ಲಿ ಮಾರ್ಚ್‌ನ 60 ಹೋದರೆ 30 ಉಳಿಯಿತು. 31 ದಿನ. ಫೆಬ್ರವರಿಯ 30 ಹೋದರೆ ಸೊನ್ನೆ. 28 ದಿನ. ಒಟ್ಟು 59. ಡಿಸೆಂಬರ್‌ಗೆ ಅದೇ ಲೆಕ್ಕ: 62ರಲ್ಲಿ ಡಿಸೆಂಬರ್‌ನ 38 ಹೋದರೆ 24, 31 ದಿನ. ನವೆಂಬರ್‌ನ 38ರಲ್ಲಿ 24 ಅಂದರೆ 30 ದಿನದಲ್ಲಿ ಸುಮಾರು 19. ಒಟ್ಟು 50. ಮಾರಾಟ ಸಮವಾಗಿದ್ದ ತ್ರೈಮಾಸಿಕದಲ್ಲಿ ಎರಡು ಲೆಕ್ಕವೂ ಒಂದೇ ಉತ್ತರ ಕೊಟ್ಟಿತು ನೋಡಿ. ಅಸಮವಾದಾಗ ಮಾತ್ರ ಬೇರೆಯಾಗುತ್ತವೆ.

ಯಜಮಾನರ ಶೀಟಿನಲ್ಲಿ ಇದ್ದದ್ದು 26 ದಿನದ ಏರಿಕೆ. ಈಗ ಉಳಿದದ್ದು 9. ಆದರೆ ಈ 9 ಮಾತ್ರ ಗಟ್ಟಿ. ದಿನಕ್ಕೆ 1.33 ಲಕ್ಷದ ಮಾರಾಟದಲ್ಲಿ 9 ದಿನ ಅಂದರೆ 12 ಲಕ್ಷ ಹೆಚ್ಚುವರಿಯಾಗಿ ಹೊರಗೆ ನಿಂತಿದೆ. ಇವರು ಬ್ಯಾಂಕಿನಲ್ಲಿ ಇಟ್ಟುಕೊಂಡಿರುವ ಓವರ್‌ಡ್ರಾಫ್ಟ್, ಅಂದರೆ ಓಡಿ, ಅದರ ಬಡ್ಡಿ 11 ಪರ್ಸೆಂಟ್. ತಿಂಗಳಿಗೆ 11,000 ರೂಪಾಯಿ ಸುಮ್ನೆ ಬ್ಯಾಂಕಿಗೆ ಹೋಗುತ್ತಿದೆ.

"ಒಂಬತ್ತೇ ದಿನ ಅಲ್ವಾ, ಬಿಡಿ ಹಾಗಾದ್ರೆ" ಅಂದರು ಯಜಮಾನರು. ಬಿಡುವ ಹಾಗಿಲ್ಲ. 9 ಅನ್ನುವುದು ಎಲ್ಲ ಪಾರ್ಟಿಗಳ ಸರಾಸರಿ. ಸರಾಸರಿಯೊಳಗೆ ಒಬ್ಬರು ಕೆಟ್ಟಿದ್ದರೆ ಅದು ಕಾಣುವುದಿಲ್ಲ.

ಪಾರ್ಟಿವಾರು ಒಡೆದಾಗ

ಹಿಂದಕ್ಕೆ ಎಣಿಸುವ ಅದೇ ಲೆಕ್ಕವನ್ನು ಪ್ರತಿ ಪಾರ್ಟಿಗೂ ಹಾಕಿದೆವು. ದೊಡ್ಡ ಪಾರ್ಟಿಗಳು ಎರಡೇ, ಮಿಕ್ಕ ಚಿಲ್ಲರೆ ಗಿರಾಕಿಗಳನ್ನು ಒಟ್ಟಿಗೆ ಹಿಡಿದೆವು.

| ಪಾರ್ಟಿ | ಕರಾರಿನ ದಿನ | ಮಾರ್ಚ್ ಬಾಕಿ (ಲಕ್ಷ) | ಡಿಸೆಂಬರ್ ದಿನ | ಮಾರ್ಚ್ ದಿನ |
|---|---|---|---|---|
| ಪಂಪ್ ಕಂಪನಿ | 45 | 52 | 61 | 85 |
| ಗೇರ್‌ಬಾಕ್ಸ್ ಕಂಪನಿ | 30 | 25 | 44 | 45 |
| ಚಿಲ್ಲರೆ ಗಿರಾಕಿಗಳು | 30 | 13 | 40 | 42 |

ಪಂಪ್ ಕಂಪನಿಯ ಲೆಕ್ಕ ಹೀಗೆ. ಅವರಿಗೆ ಮಾರ್ಚ್‌ನಲ್ಲಿ 30 ಲಕ್ಷ, ಫೆಬ್ರವರಿಯಲ್ಲಿ 12, ಜನವರಿಯಲ್ಲಿ 12 ಲಕ್ಷದ ಮಾಲು ಹೋಗಿದೆ. 52ರಲ್ಲಿ 30 ಮತ್ತು 12 ಕಳೆದರೆ 10 ಉಳಿಯುತ್ತದೆ. ಜನವರಿಯ 12ರಲ್ಲಿ 10 ಅಂದರೆ 31 ದಿನದಲ್ಲಿ ಸುಮಾರು 26. 31, 28, 26 ಕೂಡಿದರೆ 85. ಯಜಮಾನರ ಶೀಟಿನಲ್ಲಿ ಮೊದಲು ಬಂದ 85 ಇಲ್ಲಿ ಮತ್ತೆ ಬಂದದ್ದು ಕಾಕತಾಳೀಯ. ಆದರೆ ಆ 85 ಲೆಕ್ಕದ ಕೊಳೆಯಿಂದ ಬಂದದ್ದು. ಈ 85 ನಿಜವಾದ ತಡ.

ಮಿಕ್ಕಿಬ್ಬರು ಇದ್ದಲ್ಲೇ ಇದ್ದಾರೆ. ಅವರಿಗೆ ಕಳಿಸಬೇಕೆಂದಿದ್ದ ಮೇಲ್ ಅಳಿಸಿದೆವು.

ಬಿಲ್ಲಿನ ಮಟ್ಟಕ್ಕೆ ಇಳಿದಾಗ

ಹಿಂದಕ್ಕೆ ಎಣಿಸುವ ಲೆಕ್ಕಕ್ಕೂ ಒಂದು ಕುರುಡು ಇದೆ. ಹಳೆಯ ಬಿಲ್ಲುಗಳೆಲ್ಲ ಮೊದಲು ತೀರಿವೆ, ಹೊಸವು ಮಾತ್ರ ಉಳಿದಿವೆ ಅಂತ ಅದು ಅಂದುಕೊಳ್ಳುತ್ತದೆ. ಪಂಪ್ ಕಂಪನಿಯದು ಜನವರಿವರೆಗೆ ಹೋಗಿದೆ ಅಂತ ಅದು ಹೇಳಿತು. ಬಿಲ್ಲುವಾರು ಪಟ್ಟಿ ತೆಗೆದರೆ ಬೇರೆಯೇ ಕಂಡಿತು. ಮಾರ್ಚ್‌ನದು 30, ಫೆಬ್ರವರಿಯದು 12, ಜನವರಿಯದು 6, ಮತ್ತೆ ಡಿಸೆಂಬರ್‌ನದು 4 ಲಕ್ಷ. ಡಿಸೆಂಬರ್‌ನ ಆ 4 ಲಕ್ಷ ಮೇಲಿನ ಲೆಕ್ಕದಲ್ಲಿ ಎಲ್ಲೂ ಮುಖ ತೋರಿಸಿರಲಿಲ್ಲ.

ಇನ್ನೊಂದು ಅಳತೆಯೂ ಇದೆ. ತೀರಿದ ಪ್ರತಿ ಬಿಲ್ಲಿಗೆ ಎಷ್ಟು ದಿನ ಹಿಡಿಯಿತು ಅಂತ ನೋಡಿ, ಮೊತ್ತದ ತೂಕ ಕೊಟ್ಟು ಸರಾಸರಿ ತೆಗೆಯುವುದು. D ಕಾಲಮ್‌ನಲ್ಲಿ ಬಿಲ್ ಮೊತ್ತ, E ಕಾಲಮ್‌ನಲ್ಲಿ ಹಿಡಿದ ದಿನ ಇದ್ದರೆ:

```
=SUMPRODUCT(D2:D40,E2:E40)/SUM(D2:D40)
```

ಪಂಪ್ ಕಂಪನಿ ಈ ತ್ರೈಮಾಸಿಕದಲ್ಲಿ ತೀರಿಸಿದ 34 ಲಕ್ಷದ ಬಿಲ್ಲುಗಳಿಗೆ ಈ ಲೆಕ್ಕ ಹಾಕಿದರೆ 62 ದಿನ ಬಂತು. ಹಿಂದಿನಂತೆಯೇ! ಮೋಸ ಎಲ್ಲಿದೆ ಅಂದರೆ, ತೀರದೆ ಉಳಿದ ಬಿಲ್ಲುಗಳು ಈ ಸರಾಸರಿಯೊಳಗೆ ಬರುವುದೇ ಇಲ್ಲ. ಪರೀಕ್ಷೆಗೇ ಬರದ ಹುಡುಗರನ್ನು ಬಿಟ್ಟು ತರಗತಿಯ ಸರಾಸರಿ ಹೇಳಿದ ಹಾಗೆ. ಆಮೇಲೆ ಸಿಕ್ಕಿಹಾಕಿಕೊಂಡ ಬಿಲ್ಲು ತೀರಿದ ತಿಂಗಳು ಈ ಅಂಕಿ ಧುತ್ತೆಂದು ಏರುತ್ತದೆ, ಪರಿಸ್ಥಿತಿ ಸುಧಾರಿಸಿದ ತಿಂಗಳಲ್ಲೇ. ಹಾಗಂತ ಕೆಲಸಕ್ಕೆ ಬಾರದ್ದಲ್ಲ. ಇಲ್ಲಿ ಅದು ಒಂದು ಒಳ್ಳೆಯ ಸುಳಿವು ಕೊಟ್ಟಿತು. ತೀರುವ ಬಿಲ್ಲುಗಳು ಹಿಂದಿನ ಹಾಗೇ 62 ದಿನಕ್ಕೆ ತೀರುತ್ತಿವೆ ಅಂದಮೇಲೆ ಕಂಪನಿಗೆ ದುಡ್ಡಿನ ತಾಪತ್ರಯ ಇಲ್ಲ. ದುಡ್ಡಿಲ್ಲದವರು ಎಲ್ಲ ಬಿಲ್ಲುಗಳನ್ನೂ ಎಳೆಯುತ್ತಾರೆ, ದೊಡ್ಡ ಬಿಲ್ಲಿಗೆ ಸ್ವಲ್ಪ ಸ್ವಲ್ಪ ಕೊಡುತ್ತಾರೆ, ದುಂಡು ಮೊತ್ತ ಹಾಕುತ್ತಾರೆ. ಇಲ್ಲಿ ಕೆಲವು ಬಿಲ್ಲು ಪೂರ್ತಿ ತೀರಿವೆ, ಕೆಲವು ಪೂರ್ತಿ ನಿಂತಿವೆ. ಹಾಗಿದ್ದರೆ ಆ ಬಿಲ್ಲುಗಳಲ್ಲೇ ಏನೋ ಇದೆ.

45 ದಿನ ಮೀರಿದವು ಒಟ್ಟು 16 ಲಕ್ಷ. ಡಿಸೆಂಬರ್‌ನ 4, ಜನವರಿಯ 6, ಫೆಬ್ರವರಿ ಮೊದಲ ಪಾಲಿನ 6. ಇದರಲ್ಲಿ ಡಿಸೆಂಬರ್‌ನ ಬಿಲ್ಲೊಂದನ್ನೇ ಕೈಗೆ ತೆಗೆದುಕೊಂಡೆವು. ಹಳೆಯದರಿಂದ ಶುರು ಮಾಡುವುದು ನನ್ನ ಅಭ್ಯಾಸ.

ಡಿಸೆಂಬರ್ 18ರ ಬಿಲ್. ಶಾಫ್ಟ್ 500, ತೆರಿಗೆ ಸೇರಿ ಒಂದಕ್ಕೆ 800 ರೂಪಾಯಿ, ಒಟ್ಟು 4 ಲಕ್ಷ. ಮಾರ್ಚ್ 31ಕ್ಕೆ ಅದರ ವಯಸ್ಸು 103 ದಿನ. ಡಿಸ್ಪ್ಯಾಚ್ ನೋಡಿಕೊಳ್ಳುವ ಹುಡುಗನನ್ನು ಕರೆಸಿದರು.

"ಏನಪ್ಪಾ, ಈ ಬಿಲ್ಲಿನ ಮಾಲು ಅವರ ಸ್ಟೋರ್ಸ್‌ಗೆ ಸೇರಿದೆಯಾ?"

"ಸೇರಿದೆ ಸಾರ್. ಡಿಸೆಂಬರ್ 19ಕ್ಕೇ ಇಳಿಸಿ ಬಂದಿದ್ದೀವಿ. ಸೀಲ್ ಹಾಕಿದ ಚಲನ್ ಇದೆ."

"ಜಿಆರ್‌ಎನ್ ಕಾಪಿ?"

ಅದು ಅವನ ಹತ್ತಿರ ಇರಲಿಲ್ಲ. ಜಿಆರ್‌ಎನ್ ಅಂದರೆ ಮಾಲು ಎಣಿಸಿ, ತಪಾಸಣೆ ಮಾಡಿ, ಇಷ್ಟು ಒಪ್ಪಿಕೊಂಡಿದ್ದೇವೆ ಅಂತ ಅವರ ಸ್ಟೋರ್ಸ್ ಹಾಕುವ ದಾಖಲೆ. ಚಲನ್ ಮೇಲಿನ ಸೀಲ್ ಲಾರಿ ಬಂತು ಅಂತ ಹೇಳುತ್ತದೆ ಅಷ್ಟೇ. ದುಡ್ಡು ಹೊರಡುವುದು ಜಿಆರ್‌ಎನ್‌ನಿಂದ. ಡಿಸ್ಪ್ಯಾಚ್ ಮೇಲ್ ಪೆಟ್ಟಿಗೆಯಲ್ಲಿ ಹುಡುಕಿದಾಗ ಡಿಸೆಂಬರ್ 27ರ ಒಂದು ಮೇಲ್ ಸಿಕ್ಕಿತು, ಯಾರೂ ತೆರೆದಿರಲಿಲ್ಲ. 500ರಲ್ಲಿ 488 ಒಪ್ಪಿಗೆ, 12 ತಿರಸ್ಕೃತ. ಬೇರಿಂಗ್ ಕೂರುವ ಜಾಗ ಇರಬೇಕಾದದ್ದಕ್ಕಿಂತ 0.02 ಮಿ.ಮೀ. ದಪ್ಪ. ಆ 12ರ ದುಡ್ಡನ್ನು ಬಿಲ್ಲಿನಿಂದ ಕಳೆದು ಕ್ರೆಡಿಟ್ ನೋಟ್ ಕಳಿಸಿ ಅಂತ ಬರೆದಿದ್ದರು.

ಅವರ ಸಿಸ್ಟಮ್‌ನಲ್ಲಿ ಆರ್ಡರ್, ಜಿಆರ್‌ಎನ್, ಬಿಲ್ ಮೂರರ ಸಂಖ್ಯೆಯೂ ಹೊಂದಬೇಕು. ಬಿಲ್ಲಿನಲ್ಲಿ 500, ಜಿಆರ್‌ಎನ್‌ನಲ್ಲಿ 488. ಹೊಂದಲಿಲ್ಲ, ಪೂರ್ತಿ ಬಿಲ್ ನಿಂತಿತು. 12 ಶಾಫ್ಟ್ ಅಂದರೆ 9,600 ರೂಪಾಯಿ. ಅದಕ್ಕಾಗಿ 4 ಲಕ್ಷ ಮೂರು ತಿಂಗಳು ನಿಂತಿತ್ತು. ಅವರು ದುಡ್ಡು ಹಿಡಿದುಕೊಂಡಿರಲಿಲ್ಲ, ನಮ್ಮ ಉತ್ತರಕ್ಕೆ ಕಾಯುತ್ತಿದ್ದರು.

ಇದರ ಪೆಟ್ಟು ಇನ್ನೊಂದು ಕಡೆಯೂ ಬಿದ್ದಿತ್ತು. ಬ್ಯಾಂಕುಗಳು ಸಾಮಾನ್ಯವಾಗಿ 90 ದಿನ ದಾಟಿದ ಬಿಲ್ಲನ್ನು ಡ್ರಾಯಿಂಗ್ ಪವರ್, ಅಂದರೆ ಓಡಿಯಿಂದ ಎಷ್ಟು ತೆಗೆಯಬಹುದು ಅನ್ನುವ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಬಿಲ್ಲಿಗೆ ಮಾರ್ಚ್ 18ಕ್ಕೇ 90 ದಿನ ಆಗಿತ್ತು. ಮಾರ್ಚ್‌ನ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಅದು ಹೊರಗೆ. ಡಿಎಸ್‌ಓದಲ್ಲಿ ಕಾಣದ ಈ ವಯಸ್ಸು ಓಡಿ ಮಿತಿಯಲ್ಲಿ ನೇರವಾಗಿ ಕಾಣುತ್ತದೆ.

ಜನವರಿಯ 6 ಲಕ್ಷದ ಕಥೆ ಚಿಕ್ಕದು. ಜನವರಿಯಲ್ಲಿ ಅವರು ದರ ಪರಿಷ್ಕರಿಸಿ ಹೊಸ ಪಿಓ, ಅಂದರೆ ಖರೀದಿ ಆರ್ಡರ್, ಕೊಟ್ಟಿದ್ದರು. ನಾವು ಎರಡು ಬಿಲ್ಲುಗಳಲ್ಲಿ ಹಳೆ ಪಿಓ ನಂಬರ್ ಹಾಕಿದ್ದೆವು. ಆ ಪಿಓ ಅವರಲ್ಲಿ ಮುಚ್ಚಿಹೋಗಿತ್ತು. ಫೆಬ್ರವರಿಯ 6 ಲಕ್ಷ ಮಾತ್ರ ನಿಜಕ್ಕೂ ಅವರ ಕಡೆಯ ತಡ. ಅವರು ತಿಂಗಳಿಗೆ ಎರಡೇ ಸಲ, 10ಕ್ಕೆ ಮತ್ತು 25ಕ್ಕೆ ಪಾವತಿ ಮಾಡುತ್ತಾರೆ. 45 ದಿನವನ್ನು ಬಿಲ್ ತಾರೀಖಿನಿಂದಲ್ಲ, ಜಿಆರ್‌ಎನ್ ತಾರೀಖಿನಿಂದ ಎಣಿಸುತ್ತಾರೆ. ಮಾರ್ಚ್ 26ಕ್ಕೆ ಗಡುವು ಬಂದ ಬಿಲ್ಲು ಏಪ್ರಿಲ್ 10ರವರೆಗೆ ಕಾಯುತ್ತದೆ. ಇದು ಅವರ ರೂಢಿ, ಹೊಸದಲ್ಲ. 45ರ ಕರಾರಿನಲ್ಲಿ 61 ದಿನ ಹಿಡಿಯುತ್ತಿದ್ದುದು ಇದರಿಂದಲೇ.

ಕಾನೂನು ಎಲ್ಲಿ ಕೆಲಸಕ್ಕೆ ಬರುತ್ತದೆ

2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಕೊಡಬೇಕಾದ ದುಡ್ಡಿಗೆ ಬರವಣಿಗೆಯ ಕರಾರು ಇದ್ದರೂ 45 ದಿನ ಮೀರುವ ಹಾಗಿಲ್ಲ, ಕರಾರು ಇಲ್ಲದಿದ್ದರೆ 15 ದಿನ. ಎಣಿಕೆ ಶುರುವಾಗುವುದು ಮಾಲು ಒಪ್ಪಿಕೊಂಡ ದಿನದಿಂದ. ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಹೇಳದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ.

ಯಜಮಾನರು ಇದನ್ನೇ ಹಿಡಿದು ನೋಟಿಸ್ ಕೊಡೋಣ ಅಂದರು. ಆದರೆ ನಮ್ಮ ಡಿಸೆಂಬರ್ ಬಿಲ್ಲಿಗೆ ಅವರು ಎಂಟನೇ ದಿನವೇ ತಕರಾರು ಬರೆದಿದ್ದಾರೆ. ನೋಟಿಸ್ ಕೊಟ್ಟಿದ್ದರೆ ಆ ಮೇಲ್ ತೋರಿಸುತ್ತಿದ್ದರು, ನಾವು ಮುಖ ಕೆಳಗೆ ಹಾಕಿಕೊಂಡು ಬರಬೇಕಿತ್ತು. ಮೊದಲು ನಮ್ಮ ಮನೆ ಗುಡಿಸಿಕೊಳ್ಳಬೇಕು.

ಒಂದು ಕೆಲಸ ಮಾತ್ರ ಅವತ್ತೇ ಮಾಡಿದೆವು. ಬಿಲ್ಲಿನ ಮೇಲೆ ಉದ್ಯಮ್ ನೋಂದಣಿ ನಂಬರ್ ಅಚ್ಚಾಗಿರಲಿಲ್ಲ, ಹಾಕಿಸಿದೆವು. ಸೂಕ್ಷ್ಮ ಮತ್ತು ಸಣ್ಣ ಘಟಕಕ್ಕೆ ಗಡುವಿನೊಳಗೆ ದುಡ್ಡು ಕೊಡದಿದ್ದರೆ, ಖರೀದಿದಾರರಿಗೆ ಆ ಖರ್ಚು ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯಲ್ಲಿ ಸಿಗುತ್ತದೆ ಅನ್ನುವ ನಿಯಮ 2024ರ ಏಪ್ರಿಲ್ 1ರಿಂದ ಬಂದಿದೆ. ದೊಡ್ಡ ಕಂಪನಿಗಳ ಅಕೌಂಟ್ಸ್ ವಿಭಾಗ ಬಡ್ಡಿಯ ಬೆದರಿಕೆಗಿಂತ ಇದಕ್ಕೆ ಬೇಗ ಕಿವಿಗೊಡುತ್ತದೆ. ಆದರೆ ನಾವು ಸಣ್ಣ ಘಟಕ ಅಂತ ಅವರಿಗೆ ಗೊತ್ತಿರಬೇಕಲ್ಲ.

ಸರಿಪಡಿಸಿದ್ದು, ಮತ್ತೆ ಅಳೆದದ್ದು

ಏಪ್ರಿಲ್ 3ಕ್ಕೆ 9,600 ರೂಪಾಯಿಯ ಕ್ರೆಡಿಟ್ ನೋಟ್ ಹೋಯಿತು. ಪಿಓ ನಂಬರ್ ತಿದ್ದುವ ಮೇಲ್ ಅವತ್ತೇ ಹೋಯಿತು. ಏಪ್ರಿಲ್ 10ರ ಪಾವತಿಯಲ್ಲಿ 3,90,400 ಬಂತು, ಜನವರಿಯದು 25ಕ್ಕೆ ಬಂತು. ತಿರಸ್ಕಾರದ ಮೇಲ್‌ಗಳು ಇನ್ನು ಮೇಲೆ ಡಿಸ್ಪ್ಯಾಚ್‌ಗೆ ಮಾತ್ರವಲ್ಲ, ಅಕೌಂಟ್ಸ್‌ಗೂ ಬರುವ ಹಾಗೆ ಅವರ ಸ್ಟೋರ್ಸ್‌ಗೆ ಹೇಳಿಸಿದೆವು. ಬಿಲ್ ಪಟ್ಟಿಯಲ್ಲಿ ಒಂದು ಕಾಲಮ್ ಸೇರಿಸಿದೆವು: ಜಿಆರ್‌ಎನ್ ತಾರೀಖು. ಬಿಲ್ ಆಗಿ ಹತ್ತು ದಿನವಾದರೂ ಅಲ್ಲಿ ಖಾಲಿ ಇದ್ದರೆ ಫೋನ್ ಮಾಡಬೇಕು. ದುಡ್ಡು ಕೇಳಲು ಅಲ್ಲ, ಜಿಆರ್‌ಎನ್ ಆಯಿತಾ ಅಂತ ಕೇಳಲು.

ಏಪ್ರಿಲ್ 30ಕ್ಕೆ ಬಾಕಿ 76 ಲಕ್ಷ, ಏಪ್ರಿಲ್ ಮಾರಾಟ 34. ಹಿಂದಕ್ಕೆ ಎಣಿಸಿದರೆ ಏಪ್ರಿಲ್‌ನ 30 ದಿನ, ಉಳಿದ 42ಕ್ಕೆ ಮಾರ್ಚ್‌ನ 60ರಲ್ಲಿ ಸುಮಾರು 22 ದಿನ. ಒಟ್ಟು 52.

ಯಜಮಾನರಿಗೆ ಸಮಾಧಾನವಾಯಿತು. ನನಗೆ ಮಾತ್ರ ಆ ಪಾರ್ಟಿವಾರು ಪಟ್ಟಿಯ ಎರಡನೇ ಸಾಲು ಕಣ್ಣಿಗೆ ಚುಚ್ಚುತ್ತಲೇ ಇತ್ತು. ಗೇರ್‌ಬಾಕ್ಸ್ ಕಂಪನಿ: ಕರಾರು 30 ದಿನ, ಡಿಸೆಂಬರ್‌ನಲ್ಲಿ 44, ಮಾರ್ಚ್‌ನಲ್ಲಿ 45. ಏರಿಲ್ಲ, ಹಾಗಾಗಿ ಯಾರೂ ಕೇಳಲೂ ಇಲ್ಲ. ಅವರು ಮೊದಲಿನಿಂದಲೂ ಹದಿನೈದು ದಿನ ತಡ. ಏರಿಕೆಯನ್ನೇ ಕಾಯುವ ಶೀಟಿಗೆ ಇಂಥವರು ಸಿಗುವುದೇ ಇಲ್ಲ. ಅದನ್ನು ತೋರಿಸಿದಾಗ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವರು 30 ಅಂತ ಯಾವತ್ತೂ ಕೊಟ್ಟೇ ಇಲ್ಲ. ಸೆಪ್ಟೆಂಬರ್‌ನಲ್ಲಿ ರೇಟ್ ಮಾತಾಡೋವಾಗ 45 ಅಂತಲೇ ಹಿಡಿದು ದರ ಹೇಳ್ತೀನಿ" ಅಂದರು.